ವಿಭಾಗ ಬದಲಾಯಿತು, ಜೆಡಿ ಹಳೆಯದೇ ಉಳಿಯಿತು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವಿಭಾಗಗಳು ಒಂದಾಗಿ, ಮೇಲಧಿಕಾರಿ ಬದಲಾಗಿ, ಹುದ್ದೆಯ ವಿವರಣೆ, ಅಂದರೆ ಜೆಡಿ ಮಾತ್ರ ಹಳೆಯ ಕಡತದಲ್ಲೇ ಉಳಿದವರಿಗಾಗಿ ಈ ಪುಟ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮಧ್ಯಮ ಗಾತ್ರದ ಕಾರ್ಖಾನೆಯ ಕಚೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಾನು ಹೆಚ್ಚು ಕಾಲ ಎಚ್‌ಆರ್ ಕೆಲಸ ಮಾಡಿದ್ದು ಅಂಥ ಕಡೆಗಳಲ್ಲೇ.

ಪುನರ್‌ರಚನೆಯಾಗಿ ಮೂರು ತಿಂಗಳಾಯಿತು. ಹೊಸ ಜೆಡಿ ತಾನಾಗಿ ಬರುತ್ತದೆಯೇ, ನಾವೇ ಕೇಳಬೇಕೇ?

ತಾನಾಗಿ ಬರುವುದು ಅಪರೂಪ. ಪುನರ್‌ರಚನೆಯ ದಿನ ಹೊರಡುವ ಸುತ್ತೋಲೆಯಲ್ಲಿ ಯಾರು ಯಾರಿಗೆ ವರದಿ ಮಾಡಬೇಕು ಎಂಬುದಷ್ಟೇ ಇರುತ್ತದೆ. ಎಚ್‌ಆರ್ ವಿಭಾಗ ತನ್ನ ಸಾಫ್ಟ್‌ವೇರ್‌ನಲ್ಲಿ ನಿಮ್ಮ ವಿಭಾಗದ ಹೆಸರನ್ನೂ ಮೇಲಧಿಕಾರಿಯ ಹೆಸರನ್ನೂ ತಿದ್ದಿದರೆ ಅವರ ಮಟ್ಟಿಗೆ ಆ ಕಡತ ಮುಗಿಯಿತು. ಜೆಡಿಯನ್ನು ಅವರು ಮತ್ತೆ ತೆರೆಯುವುದು ನೀವು ರಾಜೀನಾಮೆ ಕೊಟ್ಟು, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಬೇಕಾದಾಗ.

ಇನ್ನೊಂದು ಸಂದರ್ಭವೂ ಇದೆ. ಐಎಸ್‌ಒ 9001 ಪ್ರಮಾಣಪತ್ರವಿರುವ ಕಾರ್ಖಾನೆಯಾದರೆ ಆಡಿಟ್ ಹತ್ತಿರ ಬಂದಾಗ ಎಲ್ಲರ ಜೆಡಿಗಳೂ ಧೂಳು ಕೊಡವಿಕೊಳ್ಳುತ್ತವೆ. ಆ ಮಾನದಂಡದ 5.3ನೇ ವಿಧಿ ಪಾತ್ರ, ಹೊಣೆ, ಅಧಿಕಾರ ಮೂರನ್ನೂ ಹಂಚಿಕೊಟ್ಟಿರಬೇಕು, ಸಂಬಂಧಪಟ್ಟವರಿಗೆ ಅವು ಗೊತ್ತಿರಬೇಕು ಎನ್ನುತ್ತದೆ. ಆಡಿಟ್‌ಗೆ ಒಂದೆರಡು ತಿಂಗಳು ಮೊದಲು ಕೇಳಿದರೆ ಎಚ್‌ಆರ್‌ಗೂ ನಿಮ್ಮ ಪತ್ರ ಬೇಕಾಗಿರುತ್ತದೆ. ಆಡಿಟ್‌ನ ಹಿಂದಿನ ವಾರ ಕೇಳಿದರೆ ಹಳೆಯ ಜೆಡಿಯ ಮೇಲೆ ಹೊಸ ದಿನಾಂಕ ಬೀಳುತ್ತದೆ, ಅಷ್ಟೇ.

ಹೊಸ ಜೆಡಿ ಕೊಡಿ ಎಂದು ಕೇಳಿದರೆ ಸಾಲದೇ?

ಸಾಲದು. ಹಾಗೆ ಕೇಳಿದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ, 'ನೀವೇ ಒಂದು ಕರಡು ಬರೆದು ಕಳುಹಿಸಿ.' ನೀವು ಮಾಡುತ್ತಿರುವುದನ್ನೆಲ್ಲ ನಿಷ್ಠೆಯಿಂದ ಬರೆದು ಕಳುಹಿಸುತ್ತೀರಿ, ಅದು ಹಾಗೇ ಅಂಗೀಕಾರವಾಗುತ್ತದೆ. ಮೂರು ತಿಂಗಳಿನಿಂದ ತಾತ್ಕಾಲಿಕ ಎಂದುಕೊಂಡು ಹೊತ್ತಿದ್ದ ಹೊರೆ ನಿಮ್ಮದೇ ಕೈಬರಹದಲ್ಲಿ ಕಾಯಂ ಆಗುತ್ತದೆ.

ಕೇಳಬೇಕಾದದ್ದು, ಯಾವ ನಿರ್ಧಾರಗಳು ಈಗ ಯಾರ ಕೈಯಲ್ಲೂ ಇಲ್ಲ ಎಂಬುದನ್ನು. ಜೆಡಿಯಲ್ಲಿ 'ಸಮನ್ವಯ ಸಾಧಿಸುವುದು', 'ಬೆಂಬಲ ನೀಡುವುದು' ಎಂಬಂಥ ಮಾತುಗಳೇ ಹೆಚ್ಚು. ಹಳೆಯ ವ್ಯವಸ್ಥೆಯಲ್ಲಿ ಅಕ್ಕಪಕ್ಕದ ಮೇಜಿನವರಿಗೆ ಪರಸ್ಪರರ ಕೆಲಸ ಗೊತ್ತಿದ್ದುದರಿಂದ ಆ ಮಾತುಗಳ ಅರ್ಥ ಯಾರೂ ಕೇಳುತ್ತಿರಲಿಲ್ಲ. ಮೇಜುಗಳು ಬೇರೆಯಾದ ಮೇಲೆ 'ಸಮನ್ವಯ' ಎಂದರೆ ಪತ್ರ ಬರೆಯುವವರು ಯಾರು, ಸಹಿ ಮಾಡುವವರು ಯಾರು, ತಡವಾದರೆ ಬೈಸಿಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆ ಏಳುತ್ತದೆ.

ಇದನ್ನು ಒಂದು ಉದಾಹರಣೆಯ ಮೂಲಕ ವಿವರಿಸಬಹುದೇ?

ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಪರ್ಚೇಸ್, ಸ್ಟೋರ್ಸ್, ಡಿಸ್ಪ್ಯಾಚ್ ಮೂರನ್ನೂ ಸೇರಿಸಿ 'ಸಪ್ಲೈ ಚೈನ್' ಎಂಬ ಒಂದೇ ವಿಭಾಗ ಮಾಡುತ್ತಾರೆ. ಕ್ವಾಲಿಟಿ ವಿಭಾಗ ನೇರವಾಗಿ ಪ್ಲಾಂಟ್ ಹೆಡ್ ಕೆಳಗೆ ಹೋಗುತ್ತದೆ. ಪರ್ಚೇಸ್ ಅಸಿಸ್ಟೆಂಟ್ ಆಗಿರುವ ಮಹಿಳೆಯೊಬ್ಬರ ಜೆಡಿ 2019ರದ್ದು. ಅದರಲ್ಲಿರುವುದು ಕೊಟೇಶನ್ ತರಿಸುವುದು, ಪರ್ಚೇಸ್ ಆರ್ಡರ್ ಹಾಕುವುದು, 'ಪೂರೈಕೆದಾರರೊಂದಿಗೆ ಸಮನ್ವಯ'.

ಜೂನ್ 3ರಂದು ಒಬ್ಬ ಸಣ್ಣ ಪೂರೈಕೆದಾರರಿಂದ 500 ಬುಷ್‌ಗಳು ಬರುತ್ತವೆ. ಎರಡು ದಿನದ ನಂತರ ಕ್ವಾಲಿಟಿಯವರು ಅಳೆದಾಗ ಅರುವತ್ತರ ಒಳವ್ಯಾಸ ಹೆಚ್ಚಾಗಿದೆ. ಅವರು ಕೆಂಪು ಚೀಟಿ ಕಟ್ಟಿ ಆ ಅರುವತ್ತನ್ನು ಕೆಂಪು ಬಿನ್‌ಗೆ ಹಾಕುತ್ತಾರೆ. ಮೊದಲಾಗಿದ್ದರೆ ಸ್ಟೋರ್ಸ್‌ನ ಹಿರಿಯ ಗುಮಾಸ್ತರು ಅದೇ ದಿನ ರಿಜೆಕ್ಷನ್ ನೋಟ್ ಬರೆದು ಪರ್ಚೇಸ್ ಮೇಜಿಗೆ ತಂದಿಡುತ್ತಿದ್ದರು. ಅದು ಅವರ ಜೆಡಿಯಲ್ಲಿ ಇರಲಿಲ್ಲ, ಅಭ್ಯಾಸವಾಗಿತ್ತು. ಈಗ ಅವರು ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದಾರೆ. ಸಾಫ್ಟ್‌ವೇರ್ ಮಾತ್ರ ರಿಜೆಕ್ಷನ್ ಸೂಚನೆಯನ್ನು ಈಗಲೂ ಸ್ಟೋರ್ಸ್‌ನ ಹಳೆಯ ಲಾಗಿನ್‌ಗೇ ಕಳುಹಿಸುತ್ತಿದೆ. ಅದನ್ನು ಈಗ ಯಾರೂ ತೆರೆಯುವುದಿಲ್ಲ.

9ರಂದು ನಮ್ಮ ಪರ್ಚೇಸ್ ಅಸಿಸ್ಟೆಂಟ್‌ಗೆ ವಿಷಯ ಕಿವಿಗೆ ಬಿದ್ದು, ಪೂರೈಕೆದಾರರಿಗೆ ಫೋನ್ ಮಾಡಿ ಹೇಳುತ್ತಾರೆ. ಪೂರೈಕೆದಾರರಿಗೆ ಆಕ್ಷೇಪ ಪತ್ರ ಬರೆಯುವುದು ಸ್ಟೋರ್ಸ್‌ನವರ ಕೆಲಸ ಎಂದು ಈಕೆ ತಿಳಿದಿದ್ದಾರೆ, ಕ್ವಾಲಿಟಿಯವರು ಪರ್ಚೇಸ್‌ನ ಕೆಲಸ ಎಂದು ತಿಳಿದಿದ್ದಾರೆ. ಯಾರೂ ಬರೆಯುವುದಿಲ್ಲ.

ಇಲ್ಲಿ ಕಾನೂನಿನ ಒಂದು ಗಡುವು ಓಡುತ್ತಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮದ ಸರಕು ಬಂದ 15 ದಿನದೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ, ಸರಕು ತಲುಪಿದ ದಿನವೇ ಅದನ್ನು ಒಪ್ಪಿಕೊಂಡಂತೆ ಲೆಕ್ಕ. ಜೂನ್ 18 ದಾಟಿತು. ಲಿಖಿತ ಒಪ್ಪಂದವಿದ್ದರೂ ಹಣ ಪಾವತಿಗೆ ಒಪ್ಪಿಕೊಂಡ ದಿನದಿಂದ ಗರಿಷ್ಠ 45 ದಿನ, ಅಂದರೆ ಜುಲೈ 18. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಒಂದು ಬುಷ್‌ಗೆ 140 ರೂಪಾಯಿಯಾದರೆ ಕೆಟ್ಟ ಮಾಲಿನ ಬೆಲೆ 8,400 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೆ ಬಿಲ್ ತಡೆಹಿಡಿದ ಅಕೌಂಟ್ಸ್‌ನವರು ಜುಲೈ ಕೊನೆಯಲ್ಲಿ ಕೇಳುವ ಪ್ರಶ್ನೆ ಒಂದೇ: 'ಪೂರೈಕೆದಾರರ ಜೊತೆ ಸಮನ್ವಯ ನಿಮ್ಮ ಜೆಡಿಯಲ್ಲಿದೆ ಅಲ್ಲವೇ, ಯಾಕೆ ಬರೆಯಲಿಲ್ಲ?'

ಹಳೆಯ ಜೆಡಿಯ ನಿಜವಾದ ಅಪಾಯ ಇದು. ಕೆಲಸ ಹಂಚುವಾಗ ಅದನ್ನು ಯಾರೂ ನೋಡುವುದಿಲ್ಲ, ತಪ್ಪು ಹುಡುಕುವಾಗ ಎಲ್ಲರೂ ನೋಡುತ್ತಾರೆ.

ಅಂಥ ಬಿರುಕುಗಳು ನನ್ನ ಕೆಲಸದಲ್ಲಿ ಎಲ್ಲಿವೆ ಎಂದು ಪತ್ತೆ ಮಾಡುವುದು ಹೇಗೆ?

ಜೆಡಿಯನ್ನು ಎದುರಿಗಿಟ್ಟುಕೊಂಡು ಯೋಚಿಸಬೇಡಿ, ಹೊಳೆಯುವುದಿಲ್ಲ. ನಿಮ್ಮ ಕಳುಹಿಸಿದ ಇಮೇಲ್‌ಗಳ ಪೆಟ್ಟಿಗೆ ತೆರೆದು ಹಿಂದಿನ ನಾಲ್ಕು ವಾರ ಓದಿ. 'ಇದು ಯಾರು ನೋಡುತ್ತಾರೆ?' ಎಂದು ನೀವು ಕೇಳಿದ ಪತ್ರಗಳು, ಮೂರಕ್ಕಿಂತ ಹೆಚ್ಚು ಜನರಿಗೆ ಪ್ರತಿ ಹೋದ ಪತ್ರಗಳು, ಮೇಲಧಿಕಾರಿ ರಜೆಯಲ್ಲಿದ್ದಾರೆಂದು ನಿಂತುಹೋದ ಕೆಲಸಗಳನ್ನು ಗುರುತು ಹಾಕಿಕೊಳ್ಳಿ.

ಸಾಫ್ಟ್‌ವೇರ್‌ನ ಅನುಮೋದನೆಯ ಸರಣಿಯನ್ನೂ ನೋಡಿ. ಪುನರ್‌ರಚನೆಯಲ್ಲಿ ಚಾರ್ಟ್ ಮೊದಲು ಬದಲಾಗುತ್ತದೆ, ಸಹಿಯ ಅಧಿಕಾರ ಕೊನೆಗೆ. ಹೊಸ ಮೇಲಧಿಕಾರಿ 'ನೀವೇ ನೋಡಿಕೊಳ್ಳಿ' ಎನ್ನುತ್ತಾರೆ, ಆದರೆ ಪೂರೈಕೆದಾರರ ಬಿಲ್‌ನಲ್ಲಿ ಹಣ ಕಡಿತ ಮಾಡುವ ಡೆಬಿಟ್ ನೋಟ್ ಒಪ್ಪುವ ಗುಂಡಿ ನಿಮ್ಮ ಲಾಗಿನ್‌ನಲ್ಲಿ ಇರುವುದಿಲ್ಲ. ಹೊಣೆ ಇದ್ದು ಅಧಿಕಾರ ಇಲ್ಲದ ಇಂಥ ಜಾಗಗಳನ್ನು ಪಟ್ಟಿಯ ಮೇಲ್ಭಾಗದಲ್ಲಿಡಿ.

ಕೊನೆಗೆ ಪಟ್ಟಿಯಲ್ಲಿ ಮೂರೋ ನಾಲ್ಕೋ ಉಳಿಯಬೇಕು. ಹದಿನೈದು ಅಂಶಗಳ ಪಟ್ಟಿಯನ್ನು ಯಾವ ಮ್ಯಾನೇಜರೂ ಕೂತು ಓದುವುದಿಲ್ಲ, ಓದಿದರೂ ದೂರಿನ ಪಟ್ಟಿ ಎಂದೇ ಭಾವಿಸುತ್ತಾರೆ.

ಮೊದಲು ಯಾರ ಹತ್ತಿರ ಹೋಗಬೇಕು, ಎಚ್‌ಆರ್ ಹತ್ತಿರವೋ ಮ್ಯಾನೇಜರ್ ಹತ್ತಿರವೋ?

ಮ್ಯಾನೇಜರ್ ಹತ್ತಿರ. ಕೆಲಸ ಹಂಚುವವರು ಅವರು, ದಾಖಲಿಸುವವರು ಎಚ್‌ಆರ್. ನೇರ ಎಚ್‌ಆರ್‌ಗೆ ಬರೆದರೆ ಆ ಪತ್ರ ಹತ್ತು ನಿಮಿಷದಲ್ಲಿ ನಿಮ್ಮ ಮ್ಯಾನೇಜರ್‌ಗೆ ಫಾರ್ವರ್ಡ್ ಆಗುತ್ತದೆ, 'ಏನಿದು ಸಮಸ್ಯೆ?' ಎಂಬ ಸಾಲಿನೊಂದಿಗೆ. ಹೊಸದಾಗಿ ಬಂದ ಮೇಲಧಿಕಾರಿಗೆ ನಿಮ್ಮ ಮೊದಲ ಪರಿಚಯ ಹಾಗಾಗುವುದು ಬೇಡ.

ಮೊದಲು ಎದುರು ಕೂತು ಮಾತನಾಡಿ, ಆಮೇಲೆ ಬರೆಯಿರಿ. ಮಾತು ಶುರುಮಾಡಲು ಒಂದೇ ಘಟನೆ ಸಾಕು. 'ಸರ್, ಜೂನ್ ತಿಂಗಳ ಬುಷ್ ರಿಜೆಕ್ಷನ್‌ನಲ್ಲಿ ಪತ್ರ ಯಾರೂ ಬರೆಯಲಿಲ್ಲ. ಮುಂದಿನ ಸಲ ಯಾರು ಬರೆಯಬೇಕು ಎಂದು ತೀರ್ಮಾನಿಸಿಕೊಂಡರೆ ಒಳ್ಳೆಯದು. ನನ್ನದೊಂದು ಸಲಹೆ ಇದೆ.' ಇಲ್ಲಿ ಜೆಡಿ ಎಂಬ ಪದವೇ ಬಂದಿಲ್ಲ ಗಮನಿಸಿ. ಆ ಪದ ಕೇಳಿದ ಕೂಡಲೇ ಅನೇಕರಿಗೆ 'ಇದು ನನ್ನ ಕೆಲಸವಲ್ಲ' ಎಂಬ ಮಾತು ಕೇಳಿಸುತ್ತದೆ.

ಬರವಣಿಗೆಯಲ್ಲಿ ಹೇಗೆ ಕೇಳುವುದು? ಒಂದು ಮಾದರಿ ಕೊಡಿ.

ಮಾತುಕತೆಯಾದ ದಿನವೇ, ಸಾಧ್ಯವಾದರೆ ಸಂಜೆಯೊಳಗೆ ಕಳುಹಿಸಿ. ಮೇಲಿನ ಉದಾಹರಣೆಗೆ ಒಗ್ಗುವ ಪತ್ರ ಹೀಗಿರಬಹುದು:

'ಮಾನ್ಯರೇ, ಇಂದು ಮಾತನಾಡಿದಂತೆ, ವಿಭಾಗಗಳು ಒಂದಾದ ಮೇಲೆ ತಿರಸ್ಕೃತ ಮಾಲಿನ ಬಗ್ಗೆ ಮೂರು ವಿಷಯಗಳು ಸ್ಪಷ್ಟವಾಗಬೇಕಿದೆ. ನನ್ನ ಸಲಹೆಗಳನ್ನು ಕೆಳಗೆ ಕೊಟ್ಟಿದ್ದೇನೆ.

ಒಂದು, ಪೂರೈಕೆದಾರರಿಗೆ ಲಿಖಿತ ಆಕ್ಷೇಪ. ಕ್ವಾಲಿಟಿ ವರದಿ ನನಗೆ ತಲುಪಿದ ಮೂರು ಕೆಲಸದ ದಿನಗಳೊಳಗೆ ನಾನು ಕಳುಹಿಸುತ್ತೇನೆ. ಅದಕ್ಕಾಗಿ ಸಾಫ್ಟ್‌ವೇರ್‌ನ ರಿಜೆಕ್ಷನ್ ಸೂಚನೆ ನನ್ನ ಲಾಗಿನ್‌ಗೆ ಬರುವಂತಾಗಬೇಕು.

ಎರಡು, ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸವಿರುವ ಮಾಲನ್ನು ಬಳಸಬಹುದೇ ಎಂಬ ತೀರ್ಮಾನ ಕ್ವಾಲಿಟಿ ಮ್ಯಾನೇಜರ್ ಅವರದು. ಅದು ನನ್ನ ಹಂತದಲ್ಲಿ ಆಗುವಂಥದ್ದಲ್ಲ.

ಮೂರು, ಡೆಬಿಟ್ ನೋಟ್. ನಾನು ತಯಾರಿಸುತ್ತೇನೆ, ಅನುಮೋದನೆ ತಮ್ಮದು. ತಾವು ರಜೆಯಲ್ಲಿದ್ದಾಗ ಯಾರು ಅನುಮೋದಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಇದಕ್ಕೆ ಸಮಯ ಹೊಂದಿಸಲು, ಈಗ ನಾನೇ ಮಾಡುತ್ತಿರುವ ಡಿಸ್ಪ್ಯಾಚ್‌ನ ದಿನದ ವರದಿಯನ್ನು ಆ ತಂಡಕ್ಕೆ ವಹಿಸಬಹುದೇ? ತಾವು ಒಪ್ಪಿದರೆ ಮುಂದಿನ ಸೋಮವಾರದಿಂದ ಹೀಗೆ ನಡೆಸುತ್ತೇನೆ.'

ಇಂಗ್ಲಿಷಿನಲ್ಲಿ ಬರೆಯುವ ಕಚೇರಿಯಾದರೆ ಇಂಗ್ಲಿಷಿನಲ್ಲೇ ಬರೆಯಿರಿ, ರಚನೆ ಇದೇ ಇರಲಿ. ಪ್ರತಿ ಅಂಶದಲ್ಲೂ ಒಂದು ಕೆಲಸ, ಒಂದು ಹೆಸರು, ಸಾಧ್ಯವಾದಲ್ಲೆಲ್ಲ ಒಂದು ಗಡುವು. ಸಲಹೆಯನ್ನು ನೀವೇ ಕೊಟ್ಟಿರುವುದರಿಂದ ಅವರು 'ಸರಿ' ಎಂದು ಒಂದೇ ಪದ ಬರೆದರೂ ಸಾಕು. ಕೊನೆಯ ಪ್ಯಾರಾ ಬಿಡಬೇಡಿ. ಹೊಸದನ್ನು ಒಪ್ಪಿಕೊಳ್ಳುವ ಪತ್ರದಲ್ಲೇ ಹಳೆಯದೊಂದನ್ನು ಇಳಿಸುವ ಮಾತೂ ಇರಬೇಕು, ಬೇರೆ ದಿನ ಅದನ್ನು ಕೇಳಿದರೆ ಸಿಗುವುದಿಲ್ಲ.

ಮ್ಯಾನೇಜರ್ 'ಸದ್ಯಕ್ಕೆ ಹೊಂದಿಸಿಕೊಂಡು ಹೋಗಿ' ಎನ್ನುತ್ತಾರೆ. ಆಮೇಲೆ?

ಕೆಲವೊಮ್ಮೆ ಅದು ಪ್ರಾಮಾಣಿಕ ಉತ್ತರ. ಅವರ ಸ್ವಂತ ಹೊಣೆಯೇ ಇನ್ನೂ ತೀರ್ಮಾನವಾಗಿರುವುದಿಲ್ಲ, ಹೇಳಿಕೊಳ್ಳಲು ಮುಜುಗರ. ಹಾಗಾಗಿ 'ಸದ್ಯಕ್ಕೆ' ಎಂಬುದಕ್ಕೆ ಒಂದು ದಿನಾಂಕ ಕೇಳಿ: 'ಆಗಲಿ ಸರ್, ಸೆಪ್ಟೆಂಬರ್ ಕೊನೆಯವರೆಗೆ ಹೀಗೇ ನಡೆಸುತ್ತೇನೆ, ಅಕ್ಟೋಬರ್ ಮೊದಲ ವಾರ ಮತ್ತೆ ಕೂತು ನೋಡೋಣವೇ?' ಒಪ್ಪಿದರೆ ಆಗಲೇ ಕ್ಯಾಲೆಂಡರ್‌ನಲ್ಲಿ ಅವರಿಗೂ ಆಹ್ವಾನ ಕಳುಹಿಸಿ.

ಪತ್ರಕ್ಕೆ ಉತ್ತರವೇ ಬರದಿದ್ದರೆ, ನೀವು ಸೂಚಿಸಿದಂತೆಯೇ ನಡೆಸುತ್ತಾ, ಮುಂದಿನ ನೈಜ ಘಟನೆ ಬಂದಾಗ ಅದೇ ಪತ್ರದ ಕೆಳಗೆ ಬರೆಯಿರಿ: 'ಮೇಲಿನಂತೆ ಇಂದು ಆಕ್ಷೇಪ ಪತ್ರ ಕಳುಹಿಸಿದ್ದೇನೆ. ಡೆಬಿಟ್ ನೋಟ್ ತಮ್ಮ ಅನುಮೋದನೆಗೆ ಕಾದಿದೆ.' ಬರೀ ನೆನಪೋಲೆಗೆ ಉತ್ತರಿಸದವರೂ ಕೈಯಲ್ಲಿರುವ ಕೆಲಸಕ್ಕೆ ಉತ್ತರಿಸುತ್ತಾರೆ. ಆದರೆ ನಿಮ್ಮ ಅಧಿಕಾರದಲ್ಲಿಲ್ಲದ ಅನುಮೋದನೆಯನ್ನು ಮೌನವೇ ಸಮ್ಮತಿ ಎಂದುಕೊಂಡು ನೀವೇ ಕೊಟ್ಟುಬಿಡಬೇಡಿ. ಒಳ್ಳೆಯ ಉದ್ದೇಶದಿಂದ ಹಾಗೆ ಮಾಡಿದವರು ಶಿಸ್ತುಕ್ರಮ ಎದುರಿಸಿದ್ದನ್ನು ನೋಡಿದ್ದೇನೆ.

ಎರಡು ಸಲ ಗಡುವು ತಪ್ಪಿದರೆ ಎಚ್‌ಆರ್‌ಗೆ ಪ್ರತಿ ಸೇರಿಸುವುದು ತಪ್ಪಲ್ಲ. ಮೊದಲು ಮ್ಯಾನೇಜರ್‌ಗೆ ಹೇಳಿಯೇ ಸೇರಿಸಿ.

ಈಗ ನನಗೆ ಇಬ್ಬರು ಮೇಲಧಿಕಾರಿಗಳು. ಇಬ್ಬರೂ ತಮ್ಮ ಕೆಲಸವೇ ಮೊದಲು ಎನ್ನುತ್ತಾರೆ.

ಚಾರ್ಟ್‌ನಲ್ಲಿ ಒಬ್ಬರಿಗೆ ಗಟ್ಟಿ ಗೆರೆ, ಇನ್ನೊಬ್ಬರಿಗೆ ಚುಕ್ಕಿ ಗೆರೆ ಎಳೆದಿರುತ್ತಾರೆ. ನಿಮ್ಮ ಅಪ್ರೈಸಲ್ ಬರೆಯುವವರು ಯಾರು, ರಜೆ ಮಂಜೂರು ಮಾಡುವವರು ಯಾರು ಎಂದು ಕೇಳಿಕೊಳ್ಳಿ, ಗಟ್ಟಿ ಗೆರೆ ಯಾವುದೆಂದು ತಿಳಿಯುತ್ತದೆ. ಜಗಳದ ನಡುವೆ ನೀವು ಆಯ್ಕೆ ಮಾಡಬೇಡಿ. ಇಬ್ಬರಿಗೂ ಒಂದೇ ಪತ್ರದಲ್ಲಿ, ಎರಡೂ ಕೆಲಸ ಗುರುವಾರದೊಳಗೆ ಮುಗಿಯುವುದಿಲ್ಲ, ಯಾವುದು ಮೊದಲು ಎಂದು ತಾವಿಬ್ಬರೂ ತಿಳಿಸಿ ಎಂದು ಬರೆಯಿರಿ. ಅವರು ಮಾತನಾಡಿಕೊಳ್ಳಬೇಕಾದದ್ದನ್ನು ನೀವು ಮನಸ್ಸಿನಲ್ಲಿ ತೂಗುತ್ತಾ ಕೂರುವುದು ವ್ಯರ್ಥ.

ಜೆಡಿಯ ಕೊನೆಯಲ್ಲಿ 'ಆಡಳಿತವರ್ಗ ಕಾಲಕಾಲಕ್ಕೆ ವಹಿಸುವ ಇತರ ಕೆಲಸಗಳು' ಎಂದಿದೆ. ಹಾಗಿದ್ದರೆ ಎಲ್ಲವನ್ನೂ ಮಾಡಲೇಬೇಕೇ?

ಆ ಸಾಲು ಬಹುತೇಕ ಎಲ್ಲರ ಜೆಡಿಯಲ್ಲೂ ಇದೆ. ಹುದ್ದೆಗೆ ಹೊಂದುವ ಹೆಚ್ಚುವರಿ ಕೆಲಸಕ್ಕೆ ಅದು ಅವಕಾಶ ಕೊಡುತ್ತದೆ ಎಂಬುದು ನಿಜ, ಅದರ ಮೇಲೆ ವಾದ ಹೂಡಿ ಗೆದ್ದವರನ್ನು ನಾನು ಕಂಡಿಲ್ಲ. ಆದರೆ ಅಲ್ಲಿ 'ವಹಿಸುವ' ಎಂದಿದೆ. ವಹಿಸಿದವರು ಯಾರು, ಎಂದಿನಿಂದ ಎಂದು ವಿನಯದಿಂದ ಕೇಳಲು ಅದೇ ಸಾಲು ಆಧಾರ.

ಕಾನೂನು ನಮ್ಮ ಪರವಾಗಿ ಏನಾದರೂ ಹೇಳುತ್ತದೆಯೇ?

ಅಂದುಕೊಂಡಷ್ಟು ಹೇಳುವುದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ವಿಧಿಯಲ್ಲಿ ಸೇವಾ ಷರತ್ತು ಬದಲಿಸುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕೆಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಆ ನೋಟಿಸ್ ಅನ್ವಯವಾಗುವುದು ಅನುಸೂಚಿಯಲ್ಲಿ ಹೆಸರಿಸಿದ ವಿಷಯಗಳಿಗೆ: ವೇತನ, ಕೆಲಸದ ವೇಳೆ, ರಜೆ, ಪಾಳಿ, ದರ್ಜೆಗಳ ವರ್ಗೀಕರಣ ಮುಂತಾದವು. ರಿಜೆಕ್ಷನ್ ಪತ್ರ ಇನ್ನು ಮುಂದೆ ನೀವು ಬರೆಯಿರಿ ಎನ್ನುವುದಕ್ಕೆ ಅದು ಬೇಕಾಗುವುದಿಲ್ಲ. ಪುನರ್‌ರಚನೆಯ ಜೊತೆಗೆ ನಿಮ್ಮ ಪಾಳಿಯೋ ದರ್ಜೆಯೋ ಬದಲಾಗಿದ್ದರೆ ವಿಷಯ ಬೇರೆ, ಆಗ ಯೂನಿಯನ್ ಅಥವಾ ಕಾರ್ಮಿಕ ವಕೀಲರನ್ನು ಕೇಳಿ.

ಒಂದು ಸೂಕ್ಷ್ಮ ಮಾತ್ರ ಗಮನದಲ್ಲಿರಲಿ. ಈ ರಕ್ಷಣೆ ಕಾನೂನಿನ ಅರ್ಥದಲ್ಲಿ 'ಕಾರ್ಮಿಕ' ಎನಿಸಿಕೊಂಡವರಿಗೆ. ಗುಮಾಸ್ತಿಕೆ ಮತ್ತು ತಾಂತ್ರಿಕ ಕೆಲಸದವರು ಅದರಲ್ಲಿ ಬರುತ್ತಾರೆ. ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನದ ಮೇಲ್ವಿಚಾರಕರು ಬರುವುದಿಲ್ಲ. ಹುದ್ದೆಯ ಹೆಸರು ಏನೇ ಇರಲಿ, ನ್ಯಾಯಾಲಯಗಳು ನೋಡುವುದು ನಿಜವಾಗಿ ಮಾಡುತ್ತಿದ್ದ ಮುಖ್ಯ ಕೆಲಸವನ್ನು. ಹಾಗಿದ್ದರೂ ಹೊಸ ಜೆಡಿಯಲ್ಲಿ 'ತಂಡದ ಮೇಲ್ವಿಚಾರಣೆ' ಎಂಬ ಸಾಲು ಸೇರಿದ್ದು, ನಿಮ್ಮ ಕೈಕೆಳಗೆ ಒಬ್ಬರೂ ಇಲ್ಲದಿದ್ದರೆ, ಅದನ್ನು ತೆಗೆಸಿ. ನಾಳೆ ವಿವಾದವೆದ್ದರೆ ಅದನ್ನು ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಮುಂದಿಡಬಹುದು.

ಇದೇ ಮಾತುಕತೆಯಲ್ಲಿ ಸಂಬಳವನ್ನೂ ಕೇಳಬಹುದೇ?

ಮೊದಲ ಮಾತುಕತೆಯಲ್ಲಿ ಬೇಡ. ಸಂಬಳದ ಮಾತು ಬಂದೊಡನೆ ಮ್ಯಾನೇಜರ್ ಉತ್ತರ ಕೊಡುವುದನ್ನು ನಿಲ್ಲಿಸಿ 'ಮೇಲೆ ಕೇಳಿ ಹೇಳುತ್ತೇನೆ' ಎನ್ನುತ್ತಾರೆ, ಹೊಣೆಯ ಪ್ರಶ್ನೆಯೂ ಅದರೊಂದಿಗೆ ಮೇಲೆ ಹೋಗಿ ಕೂರುತ್ತದೆ. ಮೊದಲು ಕೆಲಸ ಬರವಣಿಗೆಗೆ ಇಳಿಯಲಿ. ಇಂಕ್ರಿಮೆಂಟ್ ಪಟ್ಟಿ ಸಿದ್ಧವಾಗುವ ಮುನ್ನ, ಅನೇಕ ಕಂಪನಿಗಳಲ್ಲಿ ಜನವರಿ-ಫೆಬ್ರವರಿಯಲ್ಲಿ, ಆ ಪತ್ರವನ್ನೇ ಎದುರಿಗಿಟ್ಟು ಕೇಳಿ. ಹಳೆಯ ಕೆಆರ್‌ಎ, ಅಂದರೆ ವರ್ಷದ ಗುರಿಗಳ ಪಟ್ಟಿಯ ಮೇಲೆಯೇ ಅಂಕ ಹಾಕುತ್ತಾರೆಯೇ ಎಂಬುದನ್ನು ಮಾತ್ರ ಈಗಲೇ ಕೇಳಿಡಿ. ವರ್ಷದ ಅರ್ಧಭಾಗ ಮಾಡಿದ ಕೆಲಸ ಅಪ್ರೈಸಲ್ ನಮೂನೆಯಲ್ಲಿ ಇಲ್ಲವೇ ಇಲ್ಲ ಎಂದು ಮಾರ್ಚಿನಲ್ಲಿ ಗೊತ್ತಾದರೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ಸರ್ಕಾರಿ ಕಚೇರಿಗಳಲ್ಲೂ ಹೀಗೆಯೇ ಕೇಳಬೇಕೇ?

ಅಲ್ಲಿ ದಾರಿ ಬೇರೆ. ಶಾಖೆಗಳು ವಿಲೀನವಾದಾಗ ಹೊಸ ಕಾರ್ಯಹಂಚಿಕೆಯ ಕಚೇರಿ ಆದೇಶ ಹೊರಡಬೇಕು, ಯಾವ ವಿಷಯ ನಿರ್ವಾಹಕರಿಗೆ ಯಾವ ಕಡತಗಳು ಎಂದು ಅದರಲ್ಲಿ ಇರುತ್ತದೆ. ಆದೇಶ ಹೊರಡದೆ ಬಾಯಿಮಾತಿನಲ್ಲಿ ಪ್ರಭಾರ ವಹಿಸಿದ್ದರೆ, ಕಾರ್ಯಹಂಚಿಕೆ ಆದೇಶ ಹೊರಡಿಸುವಂತೆ ಕೋರಿ ಶಾಖಾಧಿಕಾರಿಯ ಮೂಲಕ ಟಿಪ್ಪಣಿ ಮಂಡಿಸಿ. ಕಡತಗಳನ್ನು ವಹಿಸಿಕೊಳ್ಳುವಾಗ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುವುದನ್ನು ಮರೆಯಬೇಡಿ. ಕಡತ ಕಾಣೆಯಾದಾಗ ಬೇಕಾಗುವುದು ಆ ಪಟ್ಟಿ.

ಕೊನೆಗೂ ಹೊಸ ಜೆಡಿ ಬಂದಿದೆ. ಸಹಿ ಮಾಡುವ ಮುನ್ನ ಏನು ನೋಡಬೇಕು?

ನೀವು ಕೇಳಿದ ಮೂರು ನಾಲ್ಕು ವಿಷಯಗಳು ನೀವು ಒಪ್ಪಿದ ಮಾತಿನಲ್ಲೇ ಇವೆಯೇ ನೋಡಿ. 'ಮೂರು ದಿನದೊಳಗೆ ಆಕ್ಷೇಪ ಪತ್ರ ಕಳುಹಿಸುವುದು' ಎಂಬುದು ಎಚ್‌ಆರ್ ಕೈಯಲ್ಲಿ 'ತಿರಸ್ಕೃತ ಸಾಮಗ್ರಿಗಳ ಸಂಪೂರ್ಣ ನಿರ್ವಹಣೆ' ಆಗಿರಬಹುದು, ಆಗ ಬಳಸಬಹುದೇ ಎಂಬ ತೀರ್ಮಾನವೂ ನಿಮ್ಮ ತಲೆಗೆ ಬಂತು. ಇಳಿಸಿಕೊಂಡ ಕೆಲಸ ನಿಜವಾಗಿಯೂ ಹೋಗಿದೆಯೇ, ಜಾರಿಯ ದಿನಾಂಕ ಮುಂದಿನದೇ ಅಥವಾ ಪುನರ್‌ರಚನೆಯ ದಿನಕ್ಕೆ ಹಿಂದೆ ಹಾಕಿದ್ದಾರೆಯೇ ನೋಡಿ. ದಿನಾಂಕ ಹಿಂದಿನದಾದರೆ ಜೂನ್ ತಿಂಗಳ ಆ ಪತ್ರವೂ ನೀವೇ ಬರೆಯಬೇಕಿತ್ತು ಎಂದಾಗುತ್ತದೆ.

ಒಪ್ಪದ ಸಾಲಿದ್ದರೆ ಸಹಿ ನಿರಾಕರಿಸಿ ಜಗಳ ಮಾಡುವ ಅಗತ್ಯವಿಲ್ಲ. 'ಸ್ವೀಕರಿಸಿದ್ದೇನೆ, 4 ಮತ್ತು 7ನೇ ಅಂಶಗಳ ಬಗ್ಗೆ ಪ್ರತ್ಯೇಕ ಇಮೇಲ್ ಕಳುಹಿಸಿದ್ದೇನೆ' ಎಂದು ಸಹಿಯ ಪಕ್ಕದಲ್ಲಿ ಬರೆದು, ದಿನಾಂಕ ಹಾಕಿ, ಆ ಇಮೇಲ್ ಅನ್ನು ಅದೇ ದಿನ ಕಳುಹಿಸಿ. ಸಹಿ ಮಾಡಿದ ಪ್ರತಿಯೊಂದನ್ನು ಕೇಳಿ ಪಡೆದುಕೊಳ್ಳಿ. ಕಂಪನಿಯ ಪೋರ್ಟಲ್‌ನಲ್ಲಿದೆ ಎಂದು ಬಿಟ್ಟರೆ, ಮುಂದಿನ ಪುನರ್‌ರಚನೆಯಲ್ಲಿ ಪೋರ್ಟಲ್ಲೂ ಬದಲಾಗುತ್ತದೆ.